ಹೂಳು ಎಷ್ಟನೇ ಪುಟದಲ್ಲಿದೆ? ಪುಸ್ತಕದ ಕೊನೆಗೆ ಪದಸೂಚಿ ಕಟ್ಟುವ ಬಗೆ

ಪುಸ್ತಕದ ಶುರುವಿನಲ್ಲಿ ಪರಿವಿಡಿ ಇರುತ್ತದೆ. ಲೇಖಕರು ಯಾವುದಾದ ಮೇಲೆ ಯಾವುದನ್ನು ಹೇಳಿದ್ದಾರೆ ಅಂತ ಅದು ತೋರಿಸುತ್ತದೆ. ಕೊನೆಯಲ್ಲಿ ಇರುವ ಪದಸೂಚಿ ಬೇರೆಯೇ ಕೆಲಸ ಮಾಡುತ್ತದೆ. ಓದುವವರು ತಮ್ಮ ಮನಸ್ಸಿನಲ್ಲಿರುವ ಒಂದು ಮಾತು ಹಿಡಿದುಕೊಂಡು ಬರುತ್ತಾರೆ. ಆ ಮಾತಿನಿಂದ ಸರಿಯಾದ ಪುಟಕ್ಕೆ ಅವರನ್ನು ಕರೆದುಕೊಂಡು ಹೋಗಬೇಕು. ಆ ಮಾತು ಪುಸ್ತಕದೊಳಗೆ ಇಲ್ಲದೇ ಇರಬಹುದು. ಆಗಲೂ ಕರೆದುಕೊಂಡು ಹೋಗಬೇಕು.

ಹಳೇ ಮೈಸೂರು ಸೀಮೆಯ ಕೆರೆಗಳ ಮೇಲೆ 248 ಪುಟದ ಪುಸ್ತಕವೊಂದಕ್ಕೆ ನಾನು ಪದಸೂಚಿ ಮಾಡಿದ್ದೆ. ಅದರಲ್ಲಿ ‘ಹೂಳು’ ಅನ್ನುವ ಒಂದೇ ಪದಕ್ಕೆ ಏನೇನು ಮಾಡಬೇಕಾಯಿತು ಎಂದು ಹೇಳಿದರೆ ಈ ಕೆಲಸದ ಮುಕ್ಕಾಲು ಪಾಲು ಹೇಳಿದ ಹಾಗೆ.

ಹುಡುಕು ಗುಂಡಿ ಒತ್ತಿದರೆ ಸಾಲದು

ಮೊದಲು ಬರುವ ಪ್ರಶ್ನೆ ಇದು: ಕಂಪ್ಯೂಟರಿನಲ್ಲಿ ‘ಹೂಳು’ ಅಂತ ಹುಡುಕಿ, ಸಿಕ್ಕ ಪುಟಗಳನ್ನೆಲ್ಲ ಬರೆದರೆ ಆಗಲ್ವಾ? ನಾನೂ ಹುಡುಕಿ ನೋಡಿದೆ. ಸಿಕ್ಕಿದ್ದರಲ್ಲಿ ಎರಡು ತರದ ತಪ್ಪಿತ್ತು.

ಒಂದು, ಬೇಡದ್ದು ಬಂತು. ‘ಹೂಳು’ ಅಂದರೆ ಕೆಸರೂ ಹೌದು, ನೆಲದಲ್ಲಿ ಮುಚ್ಚುವುದೂ ಹೌದು. ಒಂದು ಪುಟದಲ್ಲಿ ಏರಿಯ ಪಕ್ಕ ಸತ್ತವರನ್ನು ಹೂಳುತ್ತಿದ್ದ ಜಾಗದ ಮಾತಿತ್ತು. ಅದೂ ಪಟ್ಟಿಗೆ ಸೇರಿಕೊಂಡಿತ್ತು.

ಇನ್ನೊಂದು, ಬೇಕಾದದ್ದು ಬರಲಿಲ್ಲ. ಕನ್ನಡದಲ್ಲಿ ಪದ ಒಂದೇ ರೂಪದಲ್ಲಿ ಕೂರುವುದಿಲ್ಲ. ಹೂಳಿನ, ಹೂಳಿಗೆ, ಹೂಳೆತ್ತಿ ಅಂತ ಬದಲಾಗುತ್ತಾ ಹೋಗುತ್ತದೆ. ‘ಹೂಳು’ ಎಂದೇ ಟೈಪ್ ಮಾಡಿದರೆ ‘ಹೂಳೆತ್ತಿದರು’ ಸಿಗುವುದಿಲ್ಲ. ‘ಕೆರೆ’ಯ ಪಾಡು ಇನ್ನೂ ಕಷ್ಟ. ಸಮಾಸದಲ್ಲಿ ಅದು ‘ಗೆರೆ’ ಆಗಿಬಿಡುತ್ತದೆ. ಹೊಸಗೆರೆ, ಹಿರಿಗೆರೆ ಯಾವುದೂ ‘ಕೆರೆ’ ಎಂಬ ಹುಡುಕಾಟಕ್ಕೆ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ 116ನೇ ಪುಟದ್ದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ತಳದ ಗೋಡು ಮಣ್ಣನ್ನು ಗಾಡಿಯಲ್ಲಿ ಹೊಡೆದು ಗದ್ದೆಗೆ ಹಾಕುತ್ತಿದ್ದುದನ್ನು ಲೇಖಕರು ಅಲ್ಲಿ ಎರಡು ಪುಟ ಬರೆದಿದ್ದಾರೆ. ಹೂಳಿನ ಬಗ್ಗೆ ಇಡೀ ಪುಸ್ತಕದಲ್ಲಿ ಅತಿ ಚೆನ್ನಾಗಿರುವ ಭಾಗ ಅದು. ಆದರೆ ಆ ಎರಡು ಪುಟದಲ್ಲಿ ‘ಹೂಳು’ ಎಂಬ ಪದವೇ ಇಲ್ಲ. ಓದಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಹಾಗಾಗಿ ಮೊದಲ ಕೆಲಸ ಓದುವುದು. ಪುಟ ವಿನ್ಯಾಸ ಮುಗಿದು, ಪುಟಸಂಖ್ಯೆ ಗಟ್ಟಿಯಾದ ಕೊನೆಯ ಕರಡನ್ನು ಇಟ್ಟುಕೊಂಡು, ಪೆನ್ಸಿಲ್ ಹಿಡಿದು ಓದಬೇಕು. ನಾನು ಗಂಟೆಗೆ ಎಂಟು ಹತ್ತು ಪುಟಕ್ಕಿಂತ ಜಾಸ್ತಿ ಮಾಡಲಾರೆ. ಪ್ರತಿ ಪ್ಯಾರಾ ಮುಗಿದಾಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಆರು ತಿಂಗಳ ಮೇಲೆ ಯಾರಾದರೂ ಹುಡುಕಿಕೊಂಡು ಬಂದರೆ, ಯಾವ ಪದದ ಕೆಳಗೆ ನೋಡುತ್ತಾರೆ? ಆ ಪದವನ್ನು ಪುಟದ ಅಂಚಿನಲ್ಲಿ ಬರೆಯುತ್ತೇನೆ. ಆಮೇಲೆ ಸ್ಪ್ರೆಡ್‌ಶೀಟಿನಲ್ಲಿ ಮೂರು ಕಾಲಮ್ ಮಾಡಿ ತುಂಬುತ್ತೇನೆ: ಮುಖ್ಯಪದ, ಒಳಪದ, ಪುಟ.

ಯಾವ ಪುಟ ಇರಲಿ, ಯಾವುದು ಹೋಗಲಿ

ಹೂಳಿನ ಮಾತು ಬಂದ ಪುಟಗಳು ನನ್ನ ಪಟ್ಟಿಯಲ್ಲಿ ಹೀಗಿದ್ದವು: 14, 37ರಿಂದ 41, 58, 83, 112ರಿಂದ 115, 116 ಮತ್ತು 117, 171, 190, 203ರಿಂದ 206, 230.

14ನೇ ಪುಟ ಮುನ್ನುಡಿಯಂತಹ ಭಾಗ. ‘ಹೂಳು ತುಂಬಿ ಹಾಳಾದ ಕೆರೆಗಳನ್ನು ಕಂಡು ಮನಸ್ಸು ನೊಂದಿತು’ ಎನ್ನುವ ಒಂದು ವಾಕ್ಯ. ಹೂಳಿನ ಬಗ್ಗೆ ತಿಳಿಯಲು ಬಂದವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ತೆಗೆದೆ. 58ರಲ್ಲಿ ಕೆರೆಗಳ ಸಮಸ್ಯೆಗಳ ಪಟ್ಟಿಯಲ್ಲಿ ಹೂಳಿನ ಹೆಸರಿದೆ, ಅಷ್ಟೇ. ತೆಗೆದೆ. 190ರಲ್ಲಿ ಬೇರೆ ಮಾತಿನ ನಡುವೆ ಸುಮ್ನೆ ಬಂದಿದೆ. ಅದನ್ನೂ ತೆಗೆದೆ. 230ರಲ್ಲಿ ಅಡಿಟಿಪ್ಪಣಿ ಇತ್ತು. ಅದು 37ನೇ ಪುಟಕ್ಕೇ ವಾಪಸ್ ಕಳಿಸುತ್ತದೆ. ಅದೂ ಬೇಡ.

83ರ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿದೆ. ಅಲ್ಲಿಯೂ ಬರೀ ಮೂರು ಸಾಲು. ಆದರೆ ಆ ಮೂರು ಸಾಲಿನಲ್ಲಿ, ಕೆರೆಯ ಮಣ್ಣು ಹೊರಲು ಬಂಡಿ ಇಟ್ಟು, ಅದರ ಖರ್ಚಿಗೆ ಜಮೀನು ಬಿಟ್ಟ ಶಾಸನದ ವಿಷಯ ಇದೆ. ಪುಸ್ತಕದಲ್ಲಿ ಬೇರೆಲ್ಲೂ ಅದು ಬರುವುದಿಲ್ಲ. ಉಳಿಸಿಕೊಂಡೆ. ಎಷ್ಟು ಸಾಲು ಇದೆ ಎನ್ನುವುದು ಅಳತೆ ಅಲ್ಲ. ಆ ಪುಟ ತೆರೆದವರಿಗೆ ಹೊಸದೇನಾದರೂ ಸಿಗುತ್ತದಾ ಎನ್ನುವುದು ಅಳತೆ.

ಪುಟಸಂಖ್ಯೆ ಬರೆಯುವ ರೀತಿಗೂ ಅರ್ಥ ಇದೆ. ‘112–115’ ಎಂದರೆ ಒಂದೇ ಮಾತು ನಾಲ್ಕು ಪುಟ ಬಿಡದೆ ಹರಿದಿದೆ. ‘112, 113, 115’ ಎಂದರೆ ಮೂರು ಕಡೆ ಬಿಡಿಬಿಡಿಯಾಗಿ ಬಂದಿದೆ. ಎರಡನ್ನೂ ಬೆರೆಸಬಾರದು. 112 ಮತ್ತು ಮುಂದಿನ ಪುಟಗಳು ಎನ್ನಲು ‘112 ಮುಂ.’ ಎಂದು ಬರೆಯುವ ಹಳೇ ರೂಢಿ ನನಗೆ ಇಷ್ಟವಿಲ್ಲ. ಎಲ್ಲಿಯವರೆಗೆ ಓದಬೇಕು ಅಂತ ಅದು ಹೇಳುವುದೇ ಇಲ್ಲ.

ಒಳಪದ ಯಾವಾಗ ಬೇಕು

ತೆಗೆದು ಹಾಕಿದ ಮೇಲೆ ಉಳಿದದ್ದು ಹೀಗಿತ್ತು:

ಹೂಳು, 37–41, 83, 112–115, 116–117, 171, 203–206

ನೋಡಲು ಚೊಕ್ಕವಾಗಿದೆ. ಆದರೆ ಯಂತ್ರದಿಂದ ಹೂಳು ಎತ್ತಿದ್ದರ ಬಗ್ಗೆ ಓದಬೇಕು ಅನ್ನುವವರು ಆರು ಕಡೆ ತಿರುವಿ ಹಾಕಬೇಕು. ಐದು ಆರು ಪುಟಸಂಖ್ಯೆ ಸಾಲಾಗಿ ನಿಂತರೆ ಅದನ್ನು ಒಡೆಯಬೇಕು ಎನ್ನುವುದು ಪದಸೂಚಿ ಮಾಡುವವರ ಸಾಮಾನ್ಯ ಲೆಕ್ಕ. ಒಡೆದ ಮೇಲೆ ಹೀಗಾಯಿತು:

ಹೂಳು
– ಅಳತೆ, 171
– ಎತ್ತುವ ಕೆಲಸ, ಊರವರಿಂದ, 112–115
– ಎತ್ತುವ ಕೆಲಸ, ಯಂತ್ರಗಳಿಂದ, 203–206
– ಗದ್ದೆಗೆ ಗೊಬ್ಬರವಾಗಿ, 116–117
– ತುಂಬುವ ಕಾರಣ, 37–41
– ಶಾಸನಗಳಲ್ಲಿ, 83
ಇದನ್ನೂ ನೋಡಿ: ಕೆರೆಯಂಗಳ

ಇಲ್ಲಿ ಕನ್ನಡ ನಮಗೆ ಒಂದು ಅನುಕೂಲ ಮಾಡಿಕೊಡುತ್ತದೆ. ಮುಖ್ಯಪದಕ್ಕೂ ಒಳಪದಕ್ಕೂ ಇರುವ ನಂಟನ್ನು ವಿಭಕ್ತಿ ಪ್ರತ್ಯಯವೇ ಹೇಳಿಬಿಡುತ್ತದೆ. ‘ಶಾಸನಗಳಲ್ಲಿ’, ‘ಯಂತ್ರಗಳಿಂದ’, ‘ಗದ್ದೆಗೆ’. ಬರೀ ‘ಶಾಸನ’, ‘ಯಂತ್ರ’, ‘ಗದ್ದೆ’ ಎಂದು ಬರೆದರೆ ಹೂಳಿಗೂ ಅದಕ್ಕೂ ಏನು ಸಂಬಂಧ ಅಂತ ಓದುವವರು ಊಹೆ ಮಾಡಬೇಕಾಗುತ್ತದೆ. ಪ್ರತ್ಯಯ ಒಳಪದದಲ್ಲಿ ಇರಲಿ, ಮುಖ್ಯಪದದಲ್ಲಿ ಬೇಡ. ‘ಹೂಳಿನ’ ಎಂದು ಶುರುಮಾಡಿದರೆ ಅಕ್ಷರ ಕ್ರಮವೂ ಕೆಡುತ್ತದೆ, ಓದಲೂ ತೊಡಕು.

ಗುಣವಾಚಕವನ್ನೂ ಮುಂದೆ ತರಬಾರದು. ‘ಕಲ್ಲಿನ ತೂಬು’ ಎಂಬುದನ್ನು ‘ಕ’ದಲ್ಲಿ ಯಾರೂ ಹುಡುಕುವುದಿಲ್ಲ. ಅದು ‘ತೂಬು’ವಿನ ಕೆಳಗೆ ‘ಕಲ್ಲಿನದು’ ಎಂದು ಹೋಗಬೇಕು.

ಶಾಸನದ ಸಾಲನ್ನು ಇನ್ನೊಂದು ಕಡೆಯಿಂದಲೂ ಹುಡುಕಬಹುದು, ಅಲ್ವಾ? ಶಾಸನಗಳ ಮೇಲೆ ಕೆಲಸ ಮಾಡುವವರು ‘ಶಾಸನಗಳು’ ಪದಕ್ಕೆ ಹೋಗುತ್ತಾರೆ. ಹಾಗಾಗಿ ಅಲ್ಲಿಯೂ ‘ಹೂಳೆತ್ತುವ ಬಂಡಿಗಳ ಬಗ್ಗೆ, 83’ ಎಂದು ಹಾಕಿದೆ. ಹೀಗೆ ಎರಡು ಕಡೆ ಹಾಕಿದಾಗ ಎರಡೂ ಕಡೆ ಪುಟ ಒಂದೇ ಇರಬೇಕು. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವುದು ತುಂಬ ಸಲ ಆಗುತ್ತದೆ. ಸ್ಪ್ರೆಡ್‌ಶೀಟನ್ನು ಪುಟಸಂಖ್ಯೆಯ ಕ್ರಮದಲ್ಲಿ ಜೋಡಿಸಿ ನೋಡಿದರೆ ಒಂದೇ ಪುಟದ ನಮೂದುಗಳೆಲ್ಲ ಒಟ್ಟಿಗೆ ಬರುತ್ತವೆ. ತಪ್ಪು ಅಲ್ಲೇ ಕಾಣುತ್ತದೆ.

ಇನ್ನು ‘ಕೆರೆ’. ಇಡೀ ಪುಸ್ತಕವೇ ಕೆರೆಯದ್ದು. ಅದರ ಮುಂದೆ ಪುಟಸಂಖ್ಯೆ ಬರೆಯಲು ಹೊರಟರೆ ಎಲ್ಲ ಪುಟವನ್ನೂ ಬರೆಯಬೇಕು. ಹಾಗಂತ ‘ಕೆರೆ’ಯನ್ನೇ ಬಿಟ್ಟುಬಿಟ್ಟರೆ, ಮೊದಲು ಅಲ್ಲಿಗೇ ಬರುವ ಓದುಗರು ಬರಿಗೈಯಲ್ಲಿ ಹೋಗುತ್ತಾರೆ. ನಾನು ಮಾಡಿದ್ದು ಹೀಗೆ. ಕೆರೆ ಎಂದರೇನು, ಕಟ್ಟೆಗೂ ಕುಂಟೆಗೂ ಅದಕ್ಕೂ ಏನು ವ್ಯತ್ಯಾಸ ಎಂದು ಹೇಳಿದ ಎರಡು ಪುಟ ಮಾತ್ರ ಅಲ್ಲಿ ಕೊಟ್ಟೆ. ಉಳಿದದ್ದಕ್ಕೆ ದಾರಿ ತೋರಿಸಿದೆ: ‘ಇದನ್ನೂ ನೋಡಿ: ಅಚ್ಚುಕಟ್ಟು, ಏರಿ, ಕೋಡಿ, ತೂಬು, ನೀರುಗಂಟಿ, ಹೂಳು, ಆಯಾ ಕೆರೆಗಳ ಹೆಸರುಗಳು’.

‘ನೋಡಿ’ ಮತ್ತು ‘ಇದನ್ನೂ ನೋಡಿ’

ಈ ಎರಡೂ ಒಂದೇ ಅಂತ ತುಂಬ ಜನ ತಿಳಿದಿದ್ದಾರೆ. ಎರಡೂ ಬೇರೆ. ‘ನೋಡಿ’ ಎಂದರೆ ಇಲ್ಲಿ ಏನೂ ಇಲ್ಲ, ಎಲ್ಲವೂ ಅಲ್ಲಿದೆ. ‘ಇದನ್ನೂ ನೋಡಿ’ ಎಂದರೆ ಇಲ್ಲಿರುವುದು ಇದೆ, ಅಲ್ಲಿ ಇನ್ನೂ ಬೇರೆ ಇದೆ.

ನಮ್ಮ ಪುಸ್ತಕದಲ್ಲಿ ಲೇಖಕರು ‘ಕೋಡಿ’ ಎನ್ನುತ್ತಾರೆ. ಎಂಜಿನಿಯರುಗಳು ‘ವೇಸ್ಟ್ ವಿಯರ್’ ಎಂದು ಹುಡುಕುತ್ತಾರೆ. ಪತ್ರಿಕೆ ಓದುವವರು ‘ಅತಿಕ್ರಮಣ’ ಎನ್ನುತ್ತಾರೆ, ಪುಸ್ತಕದಲ್ಲಿರುವುದು ‘ಒತ್ತುವರಿ’. ಹಾಗಾಗಿ:

ಅತಿಕ್ರಮಣ, ನೋಡಿ: ಒತ್ತುವರಿ
ವೇಸ್ಟ್ ವಿಯರ್, ನೋಡಿ: ಕೋಡಿ
ಶಾಂತಿಸಾಗರ, ನೋಡಿ: ಸೂಳೆಕೆರೆ

ಕೊನೆಯದು ಊರಿನವರಿಗೆ ಗೊತ್ತಿರುವ ವಿಷಯ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೇ ಶಾಂತಿಸಾಗರ ಎಂಬ ಹೆಸರೂ ಇದೆ. ಆ ಕೆರೆಯ ಕೆಳಗೆ ಏಳು ಒಳಪದಗಳಿದ್ದವು. ಎಲ್ಲವನ್ನೂ ಎರಡು ಕಡೆ ಬರೆಯುವ ಬದಲು ‘ನೋಡಿ’ ಹಾಕಿದ್ದು ಸರಿಯಾಯಿತು. ಆದರೆ ಪಾಂಡವಪುರದ ತೊಣ್ಣೂರು ಕೆರೆ ಮೂರು ಪುಟದಲ್ಲಿ ಮುಗಿದುಹೋಗುತ್ತದೆ. ಅದಕ್ಕೆ ಮೋತಿ ತಲಾಬ್ ಎಂದೂ ಹೆಸರು. ಅಲ್ಲಿ ‘ನೋಡಿ’ ಬೇಡ. ‘ತೊಣ್ಣೂರು ಕೆರೆ, 61–63’ ಎಂದು ಒಂದು ಕಡೆ, ‘ಮೋತಿ ತಲಾಬ್, 61–63’ ಎಂದು ಇನ್ನೊಂದು ಕಡೆ ಬರೆದರೆ ಓದುವವರಿಗೆ ಒಂದು ಸುತ್ತು ಉಳಿಯುತ್ತದೆ. ಜಾಗವೂ ಅಷ್ಟೇ ಹಿಡಿಯುತ್ತದೆ.

ಇಲ್ಲಿ ಆಗುವ ತಪ್ಪುಗಳು ಎರಡು. ಮೊದಲನೆಯದು ಕುರುಡು ದಾರಿ. ‘ಅತಿಕ್ರಮಣ, ನೋಡಿ: ಒತ್ತುವರಿ’ ಎಂದು ಬರೆದ ಮೇಲೆ, ಎಲ್ಲೋ ನಡುವೆ ‘ಒತ್ತುವರಿ’ಯನ್ನು ‘ಕೆರೆ ಒತ್ತುವರಿ’ ಎಂದು ಬದಲಾಯಿಸಿದರೆ, ಕಳಿಸಿದ ಮನೆಯೇ ಅಲ್ಲಿರುವುದಿಲ್ಲ. ಎರಡನೆಯದು ಸುತ್ತು ದಾರಿ. ‘ಶಾಂತಿಸಾಗರ, ನೋಡಿ: ಸೂಳೆಕೆರೆ’, ‘ಸೂಳೆಕೆರೆ, ನೋಡಿ: ಶಾಂತಿಸಾಗರ’. ಮುಖ್ಯಪದ ಯಾವುದು ಎಂದು ಗಟ್ಟಿ ಮಾಡದೆ ಎರಡು ದಿನ ಬೇರೆ ಬೇರೆಯಾಗಿ ಕೆಲಸ ಮಾಡಿದರೆ ಹೀಗಾಗುತ್ತದೆ. ಇದಕ್ಕೆ ಪರಿಹಾರ, ‘ನೋಡಿ’ ಇರುವ ಸಾಲುಗಳನ್ನಷ್ಟೇ ಬೇರೆ ತೆಗೆದು ಒಂದೊಂದನ್ನೂ ಬೆರಳಿಟ್ಟು ಹುಡುಕುವುದು. ಎಂಟು ಪುಟದ ಸೂಚಿಗೆ ಅರ್ಧ ಗಂಟೆಯ ಕೆಲಸ. ಆಮೇಲೆ ಏನು ಬದಲಾಯಿಸಿದರೂ ಮತ್ತೆ ಮಾಡಬೇಕು.

ಹೆಸರುಗಳ ಸಿಕ್ಕು

ಇಂಗ್ಲಿಷ್ ಪುಸ್ತಕಗಳಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ನಮ್ಮ ಕಡೆ ಹಲವರಿಗೆ ಮನೆತನದ ಹೆಸರೇ ಇಲ್ಲ. ಇನಿಷಿಯಲ್ ಎಂದರೆ ಊರಿನದೋ ಅಪ್ಪನದೋ ಇರುತ್ತದೆ. ಹಾಗಾಗಿ ಹೆಸರನ್ನೇ ಮುಂದಿಟ್ಟು ಇನಿಷಿಯಲ್ ಹಿಂದೆ ಹಾಕುವುದು ಸರಿ: ‘ವಿಶ್ವೇಶ್ವರಯ್ಯ, ಎಂ.’ ‘ಸರ್ ಎಂ.ವಿ.’ ಎಂದೇ ಜನ ಕರೆಯುವುದರಿಂದ ಆ ಹೆಸರಿನಿಂದಲೂ ಒಂದು ‘ನೋಡಿ’ ಬೇಕು.

ಅರಸರ ಹೆಸರಿನಲ್ಲಿ ಜಾಸ್ತಿ ಎಚ್ಚರ ಬೇಕು. ‘ಕೃಷ್ಣರಾಜ ಒಡೆಯರ್’ ಎಂದು ಲೇಖಕರು ಬರೆದಾಗ ಒಂದು ಕಡೆ ಅದು 1868ರಲ್ಲಿ ತೀರಿಕೊಂಡ ಮುಮ್ಮಡಿಯವರು, ಇನ್ನೊಂದು ಕಡೆ 1940ರವರೆಗೆ ಆಳಿದ ನಾಲ್ವಡಿಯವರು. ಇಬ್ಬರನ್ನೂ ಒಂದೇ ಪದದ ಕೆಳಗೆ ಸೇರಿಸಿದರೆ, ಕನ್ನಂಬಾಡಿ ಕಟ್ಟೆಯ ಮಾತು ಮುಮ್ಮಡಿಯವರ ತಲೆಗೆ ಬಂದುಬಿಡುತ್ತದೆ. ವಾಕ್ಯದ ಹಿಂದೆ ಮುಂದೆ ಓದಿ ಯಾರೆಂದು ತಿಳಿದುಕೊಂಡು, ‘ಕೃಷ್ಣರಾಜ ಒಡೆಯರ್, ಮುಮ್ಮಡಿ’, ‘ಕೃಷ್ಣರಾಜ ಒಡೆಯರ್, ನಾಲ್ವಡಿ’ ಎಂದು ಬೇರೆ ಮಾಡಿದೆ. ಅಕ್ಷರ ಕ್ರಮದಲ್ಲಿ ನಾಲ್ವಡಿ ಮೊದಲು ಬರಬೇಕು. ಅರಸರ ವಿಷಯದಲ್ಲಿ ಮಾತ್ರ ನಾನು ಕಾಲದ ಕ್ರಮ ಇಟ್ಟುಕೊಳ್ಳುತ್ತೇನೆ. ಓದುವವರೂ ಹಾಗೇ ನಿರೀಕ್ಷಿಸುತ್ತಾರೆ.

ಒಂದೇ ಹೆಸರಿನ ಎರಡು ವಸ್ತುಗಳಿಗೆ ಪಕ್ಕದಲ್ಲಿ ಗುರುತು ಬೇಕು. ದೋರಸಮುದ್ರ ಎಂದರೆ ಹೊಯ್ಸಳರ ರಾಜಧಾನಿ, ಈಗಿನ ಹಳೇಬೀಡು. ಅಲ್ಲಿನ ಕೆರೆಗೂ ಅದೇ ಹೆಸರು. ‘ದೋರಸಮುದ್ರ (ಊರು)’, ‘ದೋರಸಮುದ್ರ (ಕೆರೆ)’ ಎಂದು ಎರಡು ನಮೂದು ಮಾಡಿದೆ.

ಕಂಪ್ಯೂಟರ್ ಜೋಡಿಸಿದ ಕ್ರಮವನ್ನು ನಂಬಬೇಡಿ

ಎಲ್ಲ ತುಂಬಿದ ಮೇಲೆ ಅಕ್ಷರ ಕ್ರಮದಲ್ಲಿ ಜೋಡಿಸುವ ಗುಂಡಿ ಒತ್ತುತ್ತೀರಿ. ಕನ್ನಡದಲ್ಲಿ ಇಲ್ಲೊಂದು ಗುಂಡಿ ಇದೆ, ಬೀಳುವಂಥದ್ದು. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಗೆ, ‘ಹ’ ಆದ ಮೇಲೆ ಬರುತ್ತದೆ. ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನ ಕೋಷ್ಟಕದಲ್ಲಿ ಅದನ್ನು ‘ಲ’ದ ಪಕ್ಕ, ‘ವ’ಕ್ಕಿಂತ ಮೊದಲು ಇಟ್ಟಿದ್ದಾರೆ. ಬರೀ ಆ ಸಂಖ್ಯೆ ನೋಡಿ ಜೋಡಿಸುವ ತಂತ್ರಾಂಶದಲ್ಲಿ ‘ಹೊಳೆ’ ಮೊದಲು ಬಂದು ‘ಹೊಸಗೆರೆ’ ಆಮೇಲೆ ಬರುತ್ತದೆ. ನಿಘಂಟು ನೋಡಿ ರೂಢಿಯಾದವರು ‘ಹೊಸಗೆರೆ’ ಆದ ಮೇಲೆ ‘ಹೊಳೆ’ ಹುಡುಕುತ್ತಾರೆ. ಈ ಎರಡು ಪದಗಳನ್ನೇ ಹಾಕಿ ಪರೀಕ್ಷೆ ಮಾಡಿ. ತಂತ್ರಾಂಶಕ್ಕೆ ಕನ್ನಡದ ಕ್ರಮ ಗೊತ್ತಿದೆಯೋ ಇಲ್ಲವೋ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಪುಸ್ತಕ ಇದ್ದರೆ ಈ ಪರೀಕ್ಷೆಯೂ ಬೇಡ. ಅಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಕ್ರಮ ಪೂರ್ತಿ ಕಲಸಿಹೋಗುತ್ತದೆ. ಸೂಚಿಯನ್ನಾದರೂ ಯೂನಿಕೋಡಿನಲ್ಲಿ ಮಾಡಿ, ಜೋಡಿಸಿ, ಕೊನೆಗೆ ಫಾಂಟ್ ಬದಲಿಸುವುದು ವಾಸಿ.

ಪುಟ ಜರುಗಿದರೆ

ನನ್ನ ಮೊದಲ ಪದಸೂಚಿಯಲ್ಲಿ ಆದ ಅನಾಹುತ ಇನ್ನೂ ನೆನಪಿದೆ. ಅದು ಬೇರೆ ಪುಸ್ತಕ. ಸೂಚಿ ಕೊಟ್ಟು ಬಂದ ಮೇಲೆ ಪ್ರಕಾಶಕರು 92ನೇ ಪುಟದ ಹತ್ತಿರ ಎರಡು ಪುಟ ಫೋಟೋ ಸೇರಿಸಿದರು. ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಪುಸ್ತಕ ಅಚ್ಚಾಗಿ ಬಂದಾಗ 92ರ ಆಚೆಗಿನ ಎಲ್ಲ ನಮೂದುಗಳೂ ಎರಡು ಪುಟ ಹಿಂದಕ್ಕೆ ತೋರಿಸುತ್ತಿದ್ದವು. ಒಂದು ಸಾವಿರ ಪ್ರತಿ.

ಆಗಿನಿಂದ ಎರಡು ಕೆಲಸ ತಪ್ಪದೆ ಮಾಡುತ್ತೇನೆ. ಸೂಚಿಗೆ ಎಷ್ಟು ಪುಟ ಬಿಡಬೇಕು ಎಂದು ಮೊದಲೇ ಮಾತಾಡಿಕೊಳ್ಳುತ್ತೇನೆ. ಸಾಮಾನ್ಯ ಓದಿನ ಪುಸ್ತಕಕ್ಕೆ ನೂರಕ್ಕೆ ಮೂರರಿಂದ ಐದು ಪುಟ ಸಾಕು. ಕೆರೆ ಪುಸ್ತಕಕ್ಕೆ ಎರಡು ಕಾಲಮಿನ ಎಂಟು ಪುಟ ಆಯಿತು. ಎರಡನೆಯದು, ಅಚ್ಚಿಗೆ ಹೋಗುವ ಕಡತ ಕೈಗೆ ಬಂದ ಮೇಲೆ ಪುಸ್ತಕದ ಶುರು, ನಡು, ಕೊನೆ ಮೂರೂ ಕಡೆಯಿಂದ ಇಪ್ಪತ್ತು ನಮೂದು ಆರಿಸಿ ಪುಟ ತೆರೆದು ನೋಡುತ್ತೇನೆ. ಅಲ್ಲೊಂದು ಇಲ್ಲೊಂದು ತಪ್ಪಿದ್ದರೆ ಅದು ನನ್ನ ಟೈಪಿಂಗ್ ತಪ್ಪು. ಒಂದು ಪುಟದ ಆಚೆಗೆ ಎಲ್ಲವೂ ಒಂದೇ ಅಂತರದಲ್ಲಿ ತಪ್ಪಿದ್ದರೆ ಪುಟ ಜರುಗಿದೆ ಎಂದರ್ಥ. ಯಾವ ಪುಟದಲ್ಲಿ ಏನು ಸೇರಿತು ಎಂದು ಹುಡುಕಿ, ಆಚೆಗಿನ ಸಂಖ್ಯೆಗಳಿಗೆಲ್ಲ ಅಷ್ಟೇ ಕೂಡಿಸಬೇಕು.

ಕೆರೆ ಪುಸ್ತಕದ ಸೂಚಿ ಮುಗಿದಾಗ ಲೇಖಕರ ಊರಿನ ಒಬ್ಬ ಹಿರಿಯರಿಗೆ ಕೊಟ್ಟು, ‘ಅಜ್ಜಾ, ನಿಮಗೆ ಬೇಕಾದದ್ದು ಏನಾದರೂ ಹುಡುಕಿ ನೋಡಿ’ ಎಂದೆ. ಅವರು ಕನ್ನಡಕ ಏರಿಸಿ ‘ಗ’ ತೆಗೆದರು. ಮೇಲಿಂದ ಕೆಳಗೆ ಬೆರಳು ಓಡಿಸಿದರು. ‘ಗೋಡು ಹೊಡೆಯೋದು ಬರ್ದೇ ಇಲ್ವಲ್ಲಪ್ಪ’ ಎಂದರು. 116ನೇ ಪುಟವನ್ನು ಕಷ್ಟಪಟ್ಟು ‘ಹೂಳಿ’ನ ಕೆಳಗೆ ತಂದಿದ್ದೆ. ಆದರೆ ಆ ಪುಟದಲ್ಲೇ ಇದ್ದ ಅವರ ಮಾತನ್ನು ‘ಗ’ದಲ್ಲಿ ಹಾಕಿರಲಿಲ್ಲ. ಅವತ್ತು ಸಂಜೆ ಒಂದು ಸಾಲು ಸೇರಿಸಿದೆ:

ಗೋಡು ಮಣ್ಣು, 116–117. ಇದನ್ನೂ ನೋಡಿ: ಹೂಳು